ಜಾಹೀರಾತಿನ ಅಕ್ಕ ಬರೆದ ಮನವಿ

ಜಾಹೀರಾತಿನ ಅಕ್ಕ ಭಾನುವಾರ ತೀರಿಕೊಂಡರು. ಹೃದಯ ನಿಂತಿತ್ತು. ಮಣ್ಣು ಮಾಡಿ ಮನೆಗೆ ಬಂದ ದರ್ಜಿಯ ಫೋನಿನಲ್ಲಿ ಉತ್ತರ ಕಾದಿತ್ತು: ಮನವಿ ತಿರಸ್ಕೃತ, ಜಾಹೀರಾತು ಖಾತೆಯ ನಿರ್ಬಂಧ ಶಾಶ್ವತ. ಮುಂದೇನು ಎಂದು ಕೇಳಲು ಯಾರೂ ಉಳಿದಿರಲಿಲ್ಲ.

ಸ್ತನ ತೆಗೆಸಿಕೊಂಡ ಹೆಂಗಸರಿಗೆ ಮೆತ್ತೆಯಿಟ್ಟ ಒಳಉಡುಪು ಹೊಲಿಯುವುದು ಅವಳ ಕಸುಬು. ಇಂಥದ್ದನ್ನು ಯಾರೂ ಅಂಗಡಿಗೆ ಬಂದು ಬಾಯಿಬಿಟ್ಟು ಕೇಳುವುದಿಲ್ಲ. ಫೋನಿನ ಜಾಹೀರಾತು ನಿಂತರೆ ಹೊಲಿಗೆ ಯಂತ್ರವೂ ನಿಂತಂತೆ.

ಬೀದಿಯ ಸಣ್ಣಪುಟ್ಟ ವ್ಯಾಪಾರಿಗಳಿಗೆಲ್ಲ ಜಾಹೀರಾತು ಹಾಕಿಕೊಡುತ್ತಿದ್ದವರು ಅಕ್ಕ. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ, ಕಾಲು ಮುರಿದ ಫ್ಯಾನು, ಸದಾ ತಣ್ಣಗಾದ ಚಹಾ. ಅವರು ತಂಗಿಯ ಊರಿಗೆ ಹೋಗಿದ್ದಾಗ ದರ್ಜಿ ತಾನೇ ಒಂದು ಜಾಹೀರಾತು ಹಾಕಿದಳು: ‘ನಿಮಗೆ ಸ್ತನ ಕ್ಯಾನ್ಸರ್ ಆಗಿದೆಯೇ?’ ಜೊತೆಗೆ ಉಡುಪು ತೊಡುವ ಮೊದಲಿನ ಮತ್ತು ತೊಟ್ಟ ನಂತರದ ಮೈಯ ಚಿತ್ರ. ಜಾಹೀರಾತು ತೋರಿಸುವ ಕಂಪನಿ ಅದನ್ನು ತಿರಸ್ಕರಿಸಿತು. ಒಂದಕ್ಷರ ಬದಲಿಸದೆ ಮತ್ತೆ ಮತ್ತೆ ಹಾಕಿದಳು. ಕೊನೆಗೆ ಖಾತೆಗೇ ತಡೆ ಬಿತ್ತು. ಹಠ ಹಿಡಿದು ಗಂಡನ ಹೆಸರಲ್ಲಿ ಇನ್ನೊಂದು ಖಾತೆ ತೆರೆದು, ಅದೇ ಕಾರ್ಡಿನಿಂದ ಅದೇ ಜಾಹೀರಾತು ಹಾಕಿದಳು. ಎರಡೂ ಮುಚ್ಚಿದವು.

ಊರಿಂದ ಬಂದ ಅಕ್ಕ ಬಯ್ಯಲಿಲ್ಲ. ಅದಕ್ಕೇ ದರ್ಜಿಗೆ ಹೆಚ್ಚು ಭಯವಾಯಿತು.

“ನೋಡೋರ ಕಾಯಿಲೆ ನಮಗೆ ಗೊತ್ತು ಅನ್ನೋ ಹಾಗೆ ಬರೀಬಾರದು ಕಣೇ,” ಅಂದರು. “ಶಸ್ತ್ರಚಿಕಿತ್ಸೆ ಆದಮೇಲೆ ಹಾಕೋ ಮೆತ್ತನೆ ಉಡುಪು ಅಂತ ಹೇಳು, ಸಾಕು. ಬಟ್ಟೆ ತೋರಿಸು, ಮೈ ಬೇಡ.”

“ನಾನೇನು ಕೆಟ್ಟದ್ದು ಮಾರ್ತಿದೀನಾ, ಅಕ್ಕ?”

“ಇಲ್ಲ. ಆದ್ರೆ ಮೊದಲು ನೋಡೋದು ಕಂಪನಿಯ ಯಂತ್ರ, ಮನುಷ್ಯರಲ್ಲ. ಅದಕ್ಕೆ ನಿನ್ನ ಮನಸ್ಸು ಕಾಣಲ್ಲ, ಪದ ಕಾಣುತ್ತೆ. ಅದನ್ನ ತಿದ್ದಿದ್ರೆ ಮುಗೀತಿತ್ತು. ಎರಡನೇ ಖಾತೆ ತೆರೆದ್ಯಲ್ಲ, ಅದನ್ನ ಕಣ್ಣು ತಪ್ಪಿಸಿ ನುಸುಳೋದು ಅಂತಾರೆ. ಬಿಡಿಸಿಕೊಳ್ಳೋದು ಕಷ್ಟ.”

ಖಾತೆ ಮತ್ತೆ ಸಿಗುತ್ತದೆ ಎಂದು ಅವರು ಹೇಳಲಿಲ್ಲ. ಸುಳ್ಳು ಧೈರ್ಯ ತುಂಬುವ ಜಾಯಮಾನ ಅವರದಲ್ಲ.

ಅಂದು ಸಂಜೆ ಇಬ್ಬರೂ ಪಕ್ಕಪಕ್ಕ ಕೂತರು. ದರ್ಜಿ ಬರೆದು ತಂದಿದ್ದ ಮನವಿಯ ತುಂಬ ‘ನೀವು ಮನುಷ್ಯರೇ’, ‘ನಿಮ್ಮ ಮನೆಯಲ್ಲಿ ಹೆಂಗಸರಿಲ್ಲವೇ’ ಎಂಬ ಸಾಲುಗಳು. ಅಕ್ಕ ಓದಿ ನಕ್ಕರು. ನಗುವಾಗ ಎದೆ ಒತ್ತಿಕೊಂಡದ್ದನ್ನು ದರ್ಜಿ ನೋಡಿದಳು, ಚಹಾ ಕುಡಿದು ಗ್ಯಾಸ್ ಆಗಿರಬೇಕು ಅಂದುಕೊಂಡಳು.

“ಇದನ್ನ ನನಗೆ ಬೈದಿದ್ದು ಅಂತ ಇಟ್ಕೋತೀನಿ,” ಅಂದು ಅಕ್ಕ ಎಲ್ಲವನ್ನೂ ಅಳಿಸಿದರು.

ಆಮೇಲೆ ನಿಧಾನವಾಗಿ ಬರೆದರು. ಯಾವ ಸಾಲು ನಿಯಮ ಮೀರಿತ್ತು, ಈಗ ಹೇಗೆ ತಿದ್ದಿದೆ. ಎರಡನೇ ಖಾತೆ ತೆರೆದದ್ದು ತಿಳಿಯದೆ ಆದ ತಪ್ಪು, ಇನ್ನು ತೆರೆಯುವುದಿಲ್ಲ. ದಯವಿಟ್ಟು ಒಬ್ಬರು ಕಣ್ಣಾರೆ ನೋಡಿ ಪರಿಶೀಲಿಸಬೇಕು. ದರ್ಜಿಯ ಗುರುತಿನ ಚೀಟಿ ಲಗತ್ತಿಸಿದರು. ಒಮ್ಮೆ ಕಳಿಸಿದ ಮೇಲೆ ಉತ್ತರ ಬರುವವರೆಗೆ ಏನನ್ನೂ ಮುಟ್ಟಬೇಡ ಎಂದು ಅವಳಿಂದ ಮಾತು ತೆಗೆದುಕೊಂಡರು. ಇನ್ನೊಮ್ಮೆ ಮೊದಲಿಂದ ಓದಿದರು. ‘ದಯವಿಟ್ಟು’ ಎರಡು ಕಡೆ ಬಂದಿತ್ತು, ಒಂದನ್ನು ತೆಗೆದರು. ಕಳುಹಿಸುವ ಗುಂಡಿ ಒತ್ತಿದರು.