ಐಬು ಮೊದಲು ಬರೆದ ಪತ್ರ

ಶ್ರೀರಂಗಪಟ್ಟಣದ ಆ ಮಹಡಿ ಮನೆ ನೋಡಿದ ದಿನ ನನಗೆ ಮೂವತ್ತೊಂಬತ್ತಾಗಿದೆ ಅನ್ನುವುದೇ ಮರೆತುಹೋಗಿತ್ತು. ಅಡುಗೆಮನೆ ಕಿಟಕಿ ತೆಗೆದರೆ ಕಾವೇರಿ. ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಮನೆ ಓನರು, ರಿಟೈರಾದ ಹೆಡ್ ಮಿಸ್ಸು, "ಕಿಟಕಿ ಗಟ್ಟಿಯಾಗಿದೆಯಮ್ಮ, ಪರೀಕ್ಷೆ ಸಾಕು" ಅಂದರು.

ನಾಗಮಂಗಲದ ಆಸ್ಪತ್ರೆಯಲ್ಲಿ ಏಳು ವರ್ಷ ನರ್ಸಾಗಿದ್ದ ನನಗೆ ಇಲ್ಲಿಗೆ ವರ್ಗವಾಗಿತ್ತು. ಒಂಟಿ ಹೆಂಗಸಿಗೆ ಮನೆ ಇಲ್ಲ ಅಂತ ಮೂರು ಕಡೆ ಮುಖದ ಮೇಲೇ ಹೇಳಿಸಿಕೊಂಡು ಬಂದಿದ್ದೆ. ಇವರು ಹಾಗನ್ನಲಿಲ್ಲ. ಹಳೇ ಮನೆಯವರಿಂದ ಒಂದು ಪತ್ರ ತನ್ನಿ ಅಂದರು. ಎಷ್ಟು ವರ್ಷ ಇದ್ದಿರಿ, ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಟ್ಟಿರಾ, ಮನೆ ಹೇಗಿಟ್ಟುಕೊಂಡಿರಿ, ಅಕ್ಕಪಕ್ಕದವರ ದೂರಿತ್ತಾ, ಬಿಡುವುದನ್ನು ಮುಂಚೆ ತಿಳಿಸಿದಿರಾ, ಎಲ್ಲ ಇರಬೇಕು. ಕೆಳಗೆ ಸಹಿ ಮತ್ತು ಫೋನ್ ನಂಬರು. "ಇನ್ನಿಬ್ಬರು ಕೇಳಿದ್ದಾರೆ. ಭಾನುವಾರ ಸಂಜೆಯೊಳಗೆ ತನ್ನಿ."

ನಾಗಮಂಗಲದಲ್ಲಿ ನಾನಿದ್ದ ಬಾಡಿಗೆ ಮನೆಯ ಯಜಮಾನರು ಹಸು ಸಾಕಿ, ಕರು ಬೆಳೆಸಿ, ಸಂತೆಯಲ್ಲಿ ಮಾರುವವರು. ಅವರಿಗೆ ಕಷ್ಟವಾಗದಿರಲಿ ಅಂತ ಪತ್ರವನ್ನು ನಾನೇ ಬರೆದುಕೊಂಡು ಹೋಗಿದ್ದೆ. ಓದುವಾಗ ನನಗೇ ನನ್ನ ಮೇಲೆ ಗೌರವ ಬರುವಂತಿತ್ತು.

ಅವರು ಅದನ್ನು ಪಕ್ಕಕ್ಕೆ ಸರಿಸಿದರು. "ನೀ ಬರ್ದಿದ್ಕೆ ನಾ ಯಾಕವ್ವ ರುಜು ಆಕ್ಲಿ? ನಾನೇ ಬರೀತೀನಿ, ಕೂತ್ಕೊ."

ಒಂದು ಲೋಟ ಕಾಫಿ, ಇನ್ನೊಂದು ಲೋಟ ಕಾಫಿ. ಕೊನೆಗೆ ಕವರಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿ ಕೊಟ್ಟರು. ತೆಗೆಯಬೇಡ ಅಂತೇನೂ ಹೇಳಲಿಲ್ಲ. ಬಸ್ಸು ಊರು ದಾಟುವಷ್ಟರಲ್ಲಿ ನಾನು ತೆಗೆದಿದ್ದೆ.

"ಈ ನರ್ಸಮ್ಮನವರ ಐಬುಗಳು. ಬೆಳಿಗ್ಗೆ ಜೋರಾಗಿ ಹಾಡುತ್ತಾರೆ, ರಾಗ ಇಲ್ಲ. ಒಂದು ಸಲ ನಲ್ಲಿ ತಿರುಗಿಸುವುದು ಮರೆತು ನೀರು ನಮ್ಮ ಕೊಟ್ಟಿಗೆಗೆ ಬಂತು, ಅವರೇ ಬಂದು ಬಳಿದರು. ಬೈದರೆ ಎದುರು ಮಾತಾಡುತ್ತಾರೆ."

ಮುಂದಕ್ಕೆ ಓದಲಿಲ್ಲ. ಅಲ್ಲಿಂದಲೇ ಫೋನು ಮಾಡಿದೆ. "ಯಜಮಾನ್ರೇ, ಇದೇನು ಬರೆದಿದೀರಿ? ಮನೆ ಕೈ ತಪ್ಪಿದ್ರೆ?"

"ಸಂತೇಲಿ ದನ ಮಾರೋವಾಗ ಐಬು ಮೊದ್ಲು ಏಳ್ಬೇಕು ಕಣವ್ವ. ಆಗ್ಲೇ ಆಮ್ಯಾಕೆ ಏಳೋ ಗುಣ ನಂಬೋದು."

"ನಾನೇನು ದನವಾ?"

"ದನ ಆಗಿದ್ರೆ ಮಾರ್ತಾನೇ ಇರ್ನಿಲ್ಲ ಬುಡು."

ಸಿಟ್ಟು ಮಾಡಿಕೊಳ್ಳಬೇಕೆಂದು ಬಾಯಿ ತೆರೆದರೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲೇ ಇಲ್ಲ. ಪಕ್ಕದ ಸೀಟಿನ ಹೆಂಗಸು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಪಾಂಡವಪುರ ಬರುವ ಹೊತ್ತಿಗೆ ಉಳಿದದ್ದನ್ನೂ ಓದಿದೆ, ಆಮೇಲೆ ಕಣ್ಣೊರೆಸಿಕೊಳ್ಳಬೇಕಾಯಿತು. ವಾಪಸ್ ಹೋಗಿ ಬೇರೆ ಬರೆಸಲು ಹೊತ್ತಿರಲಿಲ್ಲ. ಇದ್ದಿದ್ದರೂ ಹೋಗುತ್ತಿರಲಿಲ್ಲ.

ಹೆಡ್ ಮಿಸ್ಸು ಅಂಗಳದಲ್ಲೇ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ಬೆರಳಿಟ್ಟು ಓದತೊಡಗಿದರು. ಬೆರಳು ಐಬಿನ ಮೇಲೆ ನಿಂತಾಗ ನಾನು ಮಹಡಿಯ ಕಿಟಕಿ ಕಡೆ ಕೊನೆಯ ಸಲ ಎಂಬಂತೆ ನೋಡಿದೆ. ಬೆರಳು ಕೆಳಗಿಳಿಯಿತು. ಏಳು ವರ್ಷ ಇದ್ದರು. ಬಾಡಿಗೆ ಐದನೇ ತಾರೀಖು ದಾಟಲಿಲ್ಲ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಕೇಳಿದರು. ಯಾರೂ ದೂರು ಹೇಳಲಿಲ್ಲ. ಬಿಡುವುದನ್ನು ಒಂದು ತಿಂಗಳು ಮುಂಚೆ ತಿಳಿಸಿದ್ದಾರೆ. ಕೊನೆಯ ಸಾಲನ್ನು ಅವರು ಗಟ್ಟಿಯಾಗಿ ಓದಿದರು. "ನಿಮಗೆ ಹೊಂದದಿದ್ದರೆ ವಾಪಸ್ ಕಳಿಸಿ. ಒಂದು ತಿಂಗಳು ಬೇರೆಯವರಿಗೆ ಮನೆ ಕೊಡುವುದಿಲ್ಲ."

ಅವರು ಕನ್ನಡಕ ತೆಗೆದರು. "ಹಿಂದಿದ್ದವನೂ ಪತ್ರ ತಂದಿದ್ದ. ಹೊಗಳಿಕೆ ಬಿಟ್ಟು ಒಂದಕ್ಷರ ಇರಲಿಲ್ಲ. ಹೋಗುವಾಗ ನಲ್ಲಿ ಮುರಿದು, ಬಾಗಿಲು ಒಡೆದು, ಹೇಳದೆ ಕೇಳದೆ ಹೋದ. ಅವನನ್ನು ಸಾಗಹಾಕೋದಕ್ಕೇ ಹಾಗೆ ಬರೆದುಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ವಾಪಸ್ ಕಳಿಸಿ ಅಂತ ಯಾರೂ ಬರೆಯಲ್ಲಮ್ಮ."

ಅಷ್ಟಾದರೂ ಫೋನು ಮಾಡಿ ವಿಚಾರಿಸಿದರು, ಅದು ಅವರ ಕ್ರಮ. ಆ ಕಡೆಯಿಂದ ಏನು ಬಂತೋ, ನಕ್ಕರು. ಕೀಲಿ ಕೈಗಿಟ್ಟು, "ಆರು ಗಂಟೆಗೆ ಮೊದಲು ಹಾಡಬೇಡ" ಅಂದರು. ಮೆಟ್ಟಿಲನ್ನು ನಾನು ಎರಡೆರಡಾಗಿ ಹತ್ತಿದೆ.

ತಿಂಗಳು ಕಳೆದ ಮೇಲೆ ನಾಗಮಂಗಲಕ್ಕೆ ಫೋನು ಮಾಡಿದೆ. "ಇಲ್ಲಿ ಹೊಂದ್ಕೊಂಡಿದೀನಿ ಯಜಮಾನ್ರೇ. ಇನ್ನು ಬಾಡಿಗೆಗಿದೆ ಅಂತ ಬೋರ್ಡು ಹಾಕಿ."

ಆ ಕಡೆ ಹಸುವೊಂದು ಕೂಗಿತು.

"ಇನ್ನೊಂದ್ ವಾರ ನೋಡವ್ವ" ಅಂದರು.