ಮ್ಯಾನೇಜರ್ ಒರೆಸಿದ ಗಾಜು

ಬೀದರಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಾನು ಎರಡು ವರ್ಷ ಕಸ ಹೊಡೆದು, ಗಾಜು ಒರೆಸುತ್ತಿದ್ದೆ. ದಿನಾ ಭಾತಂಬ್ರಾದಿಂದ ಭಾಲ್ಕಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೀದರಿಗೆ. ಅಂಗಡಿಯ ಮುಂದಿನ ಗೋಡೆಯೆಲ್ಲ ಗಾಜು, ಒಳಗೆ ಸೀರೆ ಹೆಗಲಿಗೇರಿಸಿ ನೋಡುವವರಿಗೆ ಆಳೆತ್ತರದ ಆರು ಕನ್ನಡಿ.

ನಾನು ಎಷ್ಟು ಉಜ್ಜಿದರೂ ಒಣಗಿದ ಮೇಲೆ ಬಿಳಿ ಗೆರೆಗಳು ಮೂಡುತ್ತಿದ್ದವು. ಒಂದು ದಿನ ಮದುವೆ ಜವಳಿಗೆ ಬಂದವರು ತುಂಬಿದ್ದಾಗ ಮ್ಯಾನೇಜರ್ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದ.

"ಊರಾಗ ಕನ್ನಡಿ ನೋಡಿಯೋ ಇಲ್ಲೋ? ಎಮ್ಮಿ ಮೈ ತೊಳದಂಗ ತೊಳದೀಯಲ್ಲ!"

ಹೆಣ್ಣಿನ ಕಡೆಯವರು ನಕ್ಕರು. ಕನ್ನಡಿಯಲ್ಲಿ ನನ್ನ ಮುಖ ಕೆಂಪಾಗುವುದನ್ನು ನಾನೇ ನೋಡಿದೆ. ಆ ನಗುವನ್ನು ನಾನು ಮರೆಯಲಿಲ್ಲ, ಮರೆಯಬೇಕೆಂದೂ ಅನಿಸಲಿಲ್ಲ.

ಭಾಲ್ಕಿಯಲ್ಲಿ ನನ್ನ ಸೋದರಮಾವನ ಕಟಿಂಗ್ ಅಂಗಡಿ ಇದೆ. ಅವನ ಕನ್ನಡಿಗಳಲ್ಲಿ ಒಂದೂ ಗೆರೆ ಇರುವುದಿಲ್ಲ. ಅಂದು ಬಸ್ಸಿಗೆ ಕಾಯುತ್ತ ಅವನನ್ನೇ ಕೇಳಿದೆ.

"ಬಕೆಟ್‌ನ್ಯಾಗ ಎಷ್ಟು ಸಾಬೂನು ಪುಡಿ ಹಾಕ್ತಿ?" ಎಂದ.

"ಒಂದು ಮುಟಿಗಿ."

"ಅಲ್ಲೇ ತಪ್ಪದ ನೋಡವ್ವಾ. ನೀರು ಆರಿ ಹೋಗ್ತದ, ಸಾಬೂನು ಗಾಜಿಗೇ ಕುಂದರ್ತದ. ಬೋರಿನ ನೀರಾದ್ರ ಅದರ ಸುಣ್ಣನೂ ಕುಂದರ್ತದ. ನೀರು ತಾನಾಗಿ ಆರೂಕಿಂತ ಮೊದಲ ಎತ್ತಿಬಿಡಬೇಕು."

ಅವನು ಕನ್ನಡಿಗೆ ಸ್ವಲ್ಪ ನೀರು ಚಿಮುಕಿಸಿ, ಹಳೆಯ ಪೇಪರಿನ ಹಾಳೆಯನ್ನು ಮುದ್ದೆ ಮಾಡಿ ಮೇಲಿನಿಂದ ಕೆಳಕ್ಕೆ ಒರೆಸಿದ. ಆ ಒರಟು ಕಾಗದ ನೀರು ಹೀರುತ್ತದೆ, ಹತ್ತಿ ಬಟ್ಟೆಯ ಹಾಗೆ ನೂಲು ಉದುರಿಸುವುದಿಲ್ಲ. ನುಣುಪು ಹಾಳೆಯಾದರೆ ಹೀರುವುದೇ ಇಲ್ಲ ಎಂದ. ಅವನ ಬೆರಳೆಲ್ಲ ಮಸಿಯಾಗಿತ್ತು, ಕನ್ನಡಿ ಮಾತ್ರ ನೀರಿನ ಹಾಗೆ ತಿಳಿಯಾಗಿತ್ತು.

"ನಮ್ಮಲ್ಲಿ ಮೈಕ್ರೋಫೈಬರ್ ಬಟ್ಟಿ ಅದ ಮಾಮಾ. ಅದರಿಂದಲೂ ಗೆರಿ ಬೀಳ್ತಾವ."

"ಅದರ ಎಳಿ ಕೂದಲಕ್ಕಿಂತ ಸಣ್ಣ ಇರ್ತಾವ. ಎಣ್ಣಿ, ಧೂಳಿ ಎಲ್ಲಾ ಹಿಡಕೋಬೇಕು. ಒಗಿವಾಗ ಏನು ಹಾಕ್ತೀರಿ?"

ಆಗ ಹೊಳೆಯಿತು. ಆ ಬಟ್ಟೆಗಳನ್ನು ಮ್ಯಾನೇಜರ್ ವಾರಕ್ಕೊಮ್ಮೆ ತನ್ನ ಮನೆಯ ಮಶೀನಿಗೆ ಹಾಕಿಸಿ ತರುತ್ತಿದ್ದ. ಬಟ್ಟೆ ಮೆತ್ತಗಾಗಲೆಂದು ಕೊನೆಗೆ ಹಾಕುವ ವಾಸನೆಯ ಲಿಕ್ವಿಡನ್ನು ಅವಕ್ಕೂ ಹಾಕಿಸುತ್ತಿದ್ದ. ಹೇಳಿದಾಗ ಮಾವ ನಕ್ಕ. "ಆ ಜಿಡ್ಡು ಎಳಿಗೆಲ್ಲಾ ಮೆತ್ತಿರ್ತದ. ಮತ್ತ ನೀರು ಹ್ಯಾಂಗ ಹೀರ್ತದ? ಗಾಜಿಗೇ ಜಿಡ್ಡು ಹಚ್ತದ."

ಮರುದಿನ ಎರಡು ಹೊಸ ಮೈಕ್ರೋಫೈಬರ್ ಬಟ್ಟೆ ಕೊಂಡು ನನ್ನ ಚೀಲದಲ್ಲಿಟ್ಟುಕೊಂಡೆ. ಮ್ಯಾನೇಜರಿಗೆ ಒಂದು ಮಾತೂ ಹೇಳಲಿಲ್ಲ. ಮೂರು ವಾರ ಅವನ ಬಟ್ಟೆಯಿಂದಲೇ ಒರೆಸಿದೆ, ಬೈಗುಳ ತಿಂದೆ. ದೀಪಾವಳಿಗೆ ಮುಂಚೆ ಮಾಲೀಕರು ಬರುವುದಿತ್ತು. ನಾನು ಅದಕ್ಕೇ ಕಾಯುತ್ತಿದ್ದೆ.

ಮಾಲೀಕರು ಬಂದದ್ದು ಮಟಮಟ ಮಧ್ಯಾಹ್ನ. ಬಿಸಿಲು ನೇರ ಮುಂದಿನ ಗಾಜಿನ ಮೇಲೆ. ಗೆರೆಗಳನ್ನು ನೋಡಿ ಅವರು ಹುಬ್ಬು ಗಂಟಿಕ್ಕಿದರು.

"ಈಕಿಗಿ ಎಷ್ಟು ಹೇಳಿದ್ರೂ ತಿಳಿಯಂಗಿಲ್ರಿ ಸಾಹೇಬ್ರ," ಎಂದ ಮ್ಯಾನೇಜರ್.

ನಾನು ಬಕೆಟ್ಟನ್ನೂ ಅವನ ವಾಸನೆಯ ಬಟ್ಟೆಯನ್ನೂ ಮುಂದೆ ಹಿಡಿದೆ. "ನೀವೇ ಒಮ್ಮೆ ಮಾಡಿ ತೋರಸ್ರಿ ಸರ್. ನೋಡಿ ಕಲಿತೇನ್ರಿ."

ಎಲ್ಲರ ಮುಂದೆ ಒಲ್ಲೆ ಎನ್ನಲಾಗಲಿಲ್ಲ. ತೋಳು ಮಡಚಿದ. ಕಾದ ಗಾಜಿನ ಮೇಲೆ ಸಾಬೂನು ನೀರು ಒರೆಸುವಷ್ಟರಲ್ಲೇ ಆರುತ್ತಿತ್ತು. ಉಜ್ಜಿದಷ್ಟೂ ಮಬ್ಬು, ಗೆರೆ. ಅವನ ಅಂಗಿ ಬೆನ್ನಿಗೆ ಅಂಟಿತು. ಸೇಲ್ಸ್ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವನು ಇನ್ನೂ ಸ್ವಲ್ಪ ಹೊತ್ತು ಉಜ್ಜಲಿ ಎಂದು ಸುಮ್ಮನೆ ನಿಂತೆ.

ಆಮೇಲೆ ನೆರಳಿದ್ದ ಬದಿಯ ಗಾಜನ್ನು ಒಂದು ಹೊಸ ಬಟ್ಟೆ ಹಸಿ ಮಾಡಿ ಒರೆಸಿದೆ, ಕೂಡಲೇ ಇನ್ನೊಂದು ಒಣ ಬಟ್ಟೆಯಿಂದ ಎಳೆದೆ. ಬರೀ ನೀರು. ಗಾಜು ಇದೆಯೋ ಇಲ್ಲವೋ ಎಂದು ಮಾಲೀಕರು ಬೆರಳಿಟ್ಟು ನೋಡಿದರು.

"ಮೊದಲೇ ಯಾಕ ಹೇಳಲಿಲ್ಲವ್ವಾ?"

"ಕೇಳಿದವರು ಯಾರ್ರಿ?" ಎಂದೆ.

ಮುಂದಿನ ತಿಂಗಳು ಮಾಲೀಕರು ಮ್ಯಾನೇಜರನ್ನು ಔರಾದಿನ ತಮ್ಮ ಸಣ್ಣ ಅಂಗಡಿಗೆ ಕಳಿಸಿದರು. ಹೋಗುವ ದಿನ ನನ್ನ ಹತ್ತಿರ ಬಂದು, "ಅದೇನು ಹಾಕಿ ಒರಸ್ದಿ?" ಎಂದು ಮೆಲ್ಲಗೆ ಕೇಳಿದ. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಮುಂದೆ ಇನ್ನೊಂದು ಹಬ್ಬದ ಸೀರೆ ಗಂಟು ಮುಟ್ಟಿಸಲು ಒಮ್ಮೆ ಔರಾದಿನ ಆ ಅಂಗಡಿಗೆ ಹೋದೆ. ಬಾಗಿಲ ಗಾಜಿನ ತುಂಬ ಗೆರೆ. ನನ್ನ ತಾಯಿಯ ವಯಸ್ಸಿನ ಒಬ್ಬಾಕೆ ಅದನ್ನು ಉಜ್ಜುತ್ತಿದ್ದಳು. ಒಳಗಿನಿಂದ ಅವನು ಆಕೆಯನ್ನು ಬೈಯುತ್ತಿದ್ದ. ನಾನು ಅವನಿಗೆ ಹೇಳದೆ ಉಳಿಸಿಕೊಂಡಿದ್ದರ ಪೆಟ್ಟು ಆಕೆಗೆ ಬೀಳುತ್ತಿತ್ತು.

ಆಕೆಯನ್ನು ಹಿಂದಿನ ನಲ್ಲಿಯ ಹತ್ತಿರ ಕರೆದೊಯ್ದು, ಎಲ್ಲ ಹೇಳಿ, ನನ್ನ ಚೀಲದ ಎರಡೂ ಬಟ್ಟೆ ಕೊಟ್ಟೆ.

"ಇವು ನೀವೇ ಒಗೀರಿ ಅಕ್ಕಾ. ಆತನ ಮನಿಗಿ ಕೊಡಬ್ಯಾಡ್ರಿ. ಕೇಳಿದ್ರೂ ಹೇಳಬ್ಯಾಡ್ರಿ."

"ಯಾಕವ್ವಾ, ಆತ ನಿನಗೇನು ಮಾಡ್ಯಾನ?"

ಹೇಳಿದೆ. ಆಕೆ ಬಟ್ಟೆಗಳನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು.