ಜೂನ್ ಒಂದರ ಐದು ಶುಭಾಶಯಗಳು

ವಡೋದರಾದ ಮಂಜಲ್‌ಪುರದಲ್ಲಿ ಮಾಧವನದು ಒಂದು ಸಣ್ಣ ಅಂಗಡಿ. ಕಾಫಿಪುಡಿ, ದೋಸೆ ಹಿಟ್ಟು, ಹಪ್ಪಳ, ಉಪ್ಪಿನಕಾಯಿ ಸಿಗುತ್ತವೆ. ಕುಂದಾಪುರದಿಂದ ಬಂದು ಅಂಗಡಿ ಇಟ್ಟು ಹನ್ನೆರಡು ವರ್ಷವಾಯಿತು. ಖಾಯಂ ಗಿರಾಕಿಗಳ ಹುಟ್ಟುಹಬ್ಬಕ್ಕೆ ಅವನು ಫೋನಿನಲ್ಲಿ ನಾಲ್ಕು ಸಾಲು ಬರೆದು ಕಳಿಸುತ್ತಾನೆ. ದಿನಾಂಕವನ್ನು ಒಮ್ಮೆ ಮಾತ್ರ ಕೇಳುತ್ತಾನೆ. ಹೇಳಲು ಮನಸ್ಸಿಲ್ಲದವರನ್ನು ಮತ್ತೆ ಕೇಳುವುದಿಲ್ಲ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಹೋಗುವುದಿಲ್ಲ. ಅದರಲ್ಲಿ ಅಂಗಡಿಯ ಸಾಮಾನಿನ ಸುದ್ದಿ ಇರುವುದಿಲ್ಲ.

ಅವನಿಗೆ ಕಷ್ಟದ ದಿನವೆಂದರೆ ಜೂನ್ ಒಂದು. ಆ ಒಂದೇ ದಿನ ಐದು ಹುಟ್ಟುಹಬ್ಬ! ಐವರೂ ಅರವತ್ತು ದಾಟಿದ ಕನ್ನಡದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕವೇ ಅವರ ಹುಟ್ಟುಹಬ್ಬವಾಗಿ ಉಳಿದಿತ್ತು.

ಈ ವರ್ಷ ಮೇ ಕೊನೆಯಲ್ಲಿ ಮಾಧವ ಜ್ವರ ಬಂದು ಮಲಗಿಬಿಟ್ಟ. ಮಗಳು ಅಮೂಲ್ಯಾ ಅಂಗಡಿ ನೋಡಿಕೊಂಡಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅಪ್ಪನ ಫೋನಿನಲ್ಲಿ ಹಿಂದಿನ ಜೂನ್ ಒಂದರ ಶುಭಾಶಯವೊಂದನ್ನು ಹುಡುಕಿ, ಐವರಿಗೂ ಅದನ್ನೇ ಕಳಿಸಿದಳು. ಕೆಳಗೆ ತಾನೇ ಇಂಗ್ಲಿಷಿನಲ್ಲಿ, ಇವತ್ತು ಬಂದರೆ ಹತ್ತು ಪರ್ಸೆಂಟ್ ಕಡಿಮೆ ಎಂದು ಸೇರಿಸಿದಳು. ಅಪ್ಪನಿಗೆ ಉಪಕಾರ ಮಾಡಿದೆನೆಂಬ ಖುಷಿ ಅವಳಿಗೆ.

ಅವಳು ಆರಿಸಿದ್ದು ಅನಸೂಯಮ್ಮನಿಗೆ ಬರೆದ ಶುಭಾಶಯ. ಉಡುಪಿಯ ಅನಸೂಯಮ್ಮ ನಿವೃತ್ತ ಟೀಚರ್. ಮಾಧವ ಹೊಸದಾಗಿ ಬಂದಾಗ, ಅಂಗಡಿಯ ಬೋರ್ಡಿಗೆ ಗುಜರಾತಿ ಅಕ್ಷರ ಬರೆದುಕೊಟ್ಟವರು ಅವರೇ. ‘ಬೋರ್ಡಿನ ಅಕ್ಷರ ಕಂಡಾಗಲೆಲ್ಲ ಬರೆದ ಕೈಗೆ ನಮಸ್ಕಾರ ಅಂದುಕೊಳ್ಳುತ್ತೇನೆ, ಟೀಚರೇ’ ಎಂದು ಅವನು ಬರೆದಿದ್ದ.

ಆ ಸಂಜೆ ಪಾರ್ಕಿನ ಬೆಂಚಿನಲ್ಲಿ ಐವರೂ ಕೂತಿದ್ದಾಗ ಅನಸೂಯಮ್ಮ, ಹಳೆಯ ಮಾತನ್ನೇ ಮತ್ತೆ ನೆನೆದಿದ್ದಾನೆಂಬ ಹೆಮ್ಮೆಯಿಂದ ಅದನ್ನು ಓದಿ ಹೇಳಿದರು. ಫ್ಯಾಕ್ಟರಿಯಿಂದ ನಿವೃತ್ತರಾದ ಶೇಷಾದ್ರಿ ತಮ್ಮ ಫೋನ್ ತೆಗೆದು, “ಅಯ್ಯೋ, ನನಗೂ ಇದೇ ಬಂದಿದೆ! ನಾನು ಯಾವ ಬೋರ್ಡು ಬರೆದೆ? ನನ್ನನ್ನೂ ಟೀಚರ್ ಮಾಡಿದ್ದಾನೆ ಮಾಧವ,” ಎಂದರು. ಎಲ್ಲರೂ ನಕ್ಕರು. ಅನಸೂಯಮ್ಮ ನಗಲಿಲ್ಲ. ಆಮೇಲೆ ಅಂಗಡಿಯ ಕಡೆಗೂ ಬರಲಿಲ್ಲ.

ಜ್ವರ ಬಿಟ್ಟ ಮೇಲೆ ಮಾಧವನಿಗೆ ಇದೆಲ್ಲ ಶೇಷಾದ್ರಿಯವರಿಂದಲೇ ತಿಳಿಯಿತು.

“ಪಪ್ಪಾ, ಸಾರಿ ಅಂತ ಮೆಸೇಜ್ ಹಾಕ್ಲಾ?” ಅಮೂಲ್ಯಾಳ ಮುಖ ಸಣ್ಣಗಾಗಿತ್ತು.

“ಬೇಡ ಮಗಾ. ಮೆಸೇಜಿನಿಂದ ಕೆಟ್ಟದ್ದು ಮೆಸೇಜಿನಿಂದ ಸರಿಯಾಗುದಿಲ್ಲ.”

ಮರುದಿನ ಬೆಳಿಗ್ಗೆ, ಅನಸೂಯಮ್ಮ ವಾಕಿಂಗಿಗೆ ಬರುವ ಹೊತ್ತಿಗೆ, ಮಾಧವ ಪಾರ್ಕಿಗೆ ಹೊರಟ. ಕಾಲು ಕಿಲೋ ಕಾಫಿಪುಡಿ ಕಟ್ಟಿದವನು, ಕೊಟ್ಟರೆ ಗಿರಾಕಿಯನ್ನು ಕರೆಯಲು ಬಂದಂತೆ ಆದೀತು ಎನಿಸಿ ಅಲ್ಲೇ ಇಟ್ಟು, ಬರಿಗೈಯಲ್ಲಿ ಹೋದ.

“ಎಂತ ಮಾರಾಯ, ಡಿಸ್ಕೌಂಟ್ ಮುಗೀತಾ?” ಅನಸೂಯಮ್ಮ ಅವನ ಮುಖ ನೋಡದೆ ಕೇಳಿದರು.

“ಟೀಚರೇ, ನನಗೆ ಜ್ವರ ಇತ್ತು. ಮಗಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ನಿಮಗೆ ಅಂತ ಬರೆದದ್ದನ್ನು ಎಲ್ಲರಿಗೂ ಕಳಿಸಿದ್ಲು. ಕಲಿಸದೇ ಇದ್ದದ್ದು ನನ್ನ ತಪ್ಪು. ನೀವು ಅಂಗಡಿಗೆ ಬನ್ನಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ. ಆ ಮಾತು ನಿಮಗೊಬ್ಬರಿಗೇ ಬರೆದದ್ದು, ಅಷ್ಟೇ.”

ಅನಸೂಯಮ್ಮ ಬೆಂಚಿನ ತುದಿಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

“ಸಿಟ್ಟಲ್ಲ ಮಾಧವ, ನಾಚಿಕೆ. ದೊಡ್ಡದಾಗಿ ಓದಿ ಹೇಳಿದೆ ನೋಡು.” ಅವನ ಕಡೆ ತಿರುಗಿ, “ಅದು ನನ್ನ ಹುಟ್ಟಿದ ದಿನವೂ ಅಲ್ಲ. ಮೇಷ್ಟ್ರು ಹಾಕಿದ್ದು,” ಎಂದರು.

“ನಿಜವಾದದ್ದು ಯಾವಾಗ?” ಬಾಯಿಂದ ಬಂದ ಮೇಲೆ ಎರಡನೇ ಸಲ ಕೇಳಿದೆನೆಂದು ಅವನು ನಾಲಿಗೆ ಕಚ್ಚಿಕೊಂಡ. “ಹೇಳದಿದ್ರೂ ಅಡ್ಡಿಲ್ಲ.”

“ಕೃಷ್ಣಾಷ್ಟಮಿಯ ಮಾರನೇ ದಿನ, ವಿಟ್ಲಪಿಂಡಿ. ಊರೆಲ್ಲ ಮೊಸರುಕುಡಿಕೆ ಒಡೆಯುವಾಗ ನಾನು ಹುಟ್ಟಿದೆ ಅಂತ ಅಮ್ಮ ಹೇಳ್ತಿದ್ರು. ಅವರು ಹೋದ ಮೇಲೆ ಯಾರೂ ಕೇಳಿರ್ಲಿಲ್ಲ.”

ಈ ವರ್ಷ ವಿಟ್ಲಪಿಂಡಿ ಯಾವ ದಿನವೆಂದು ಮಾಧವ ಊರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ. ವಿಟ್ಲಪಿಂಡಿಯ ಬೆಳಿಗ್ಗೆ ಅಮೂಲ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಪದವನ್ನೂ ಓದಿ ಹೇಳುತ್ತಾ ಬರೆದ: ‘ಊರಲ್ಲಿ ಇವತ್ತು ಕುಡಿಕೆ ಒಡೆಯುತ್ತಾರೆ ಟೀಚರೇ. ಆ ಗದ್ದಲದಲ್ಲಿ ಹುಟ್ಟಿದ ಮಗುವಿಗೆ ಮಂಜಲ್‌ಪುರದಿಂದ ಶುಭಾಶಯ.’

ಹನ್ನೊಂದು ಗಂಟೆಗೆ ಅನಸೂಯಮ್ಮ ಅಂಗಡಿಗೆ ಬಂದರು. ಶುಭಾಶಯದ ಮಾತೆತ್ತಲಿಲ್ಲ. ಅರ್ಧ ಕಿಲೋ ಕಾಫಿಪುಡಿ ಹೇಳಿ, ಸ್ಟೂಲಿನಲ್ಲಿ ಕೂತು ಅಮೂಲ್ಯಾಳನ್ನು ಕರೆದರು.

“ಬಾ ಇಲ್ಲಿ. ಪೆನ್ನು ತಾ. ಉಳಿದ ನಾಲ್ವರ ನಿಜವಾದ ಹುಟ್ಟುಹಬ್ಬವನ್ನೂ ಕೇಳಿ ಬಂದಿದ್ದೇನೆ, ಹೇಳಿದ್ರೆ ತೊಂದರೆ ಇಲ್ಲ ಅಂದಿದ್ದಾರೆ. ಶೇಷಾದ್ರಿಯದ್ದು ರಾಮನವಮಿಯ ಹಿಂದಿನ ದಿನ. ಹರಿಪ್ರಸಾದರಿಗೆ ತಮ್ಮದು ಗೊತ್ತೇ ಇಲ್ಲ, ಜೂನ್ ಒಂದು ಅವರಿಗೇ ಇರಲಿ.”

“ಆಂಟಿ, ಕನ್ನಡದಲ್ಲಿ ಬರೀಲಿಕ್ಕೆ ನನಗೆ...”

“ಗೊತ್ತುಂಟು. ಅದಕ್ಕೇ ಕರೆದದ್ದು. ಮೊದಲು ಶೇಷಾದ್ರಿಯ ಶ ಬರಿ.”